ತಾತನ ಜನತಾ ವಾಚು

ನಮ್ಮ ಡಿಪ್ಲೊಮಾ ಬ್ಯಾಚಿನಲ್ಲಿ ಗುಬ್ಬಿಯಿಂದ ಬಸ್ಸಿಗೆ ಬರುತ್ತಿದ್ದ ಗೆಳೆಯನೊಬ್ಬನಿದ್ದ. ಅವನ ತಾತ ತುಮಕೂರಿನ ಎಚ್‌ಎಂಟಿ ಕಾರ್ಖಾನೆಯಲ್ಲಿ ವಾಚು ಜೋಡಿಸುತ್ತಿದ್ದವರು. ಅವರು ಕೈಗೆ ಕಟ್ಟುತ್ತಿದ್ದ ಜನತಾ ವಾಚು ನಿಂತು ವರ್ಷಗಳೇ ಆಗಿದ್ದವು. ವಸಂತನರಸಾಪುರದ ಕಾರ್ಖಾನೆಯೊಂದಕ್ಕೆ ಮೇಂಟೆನೆನ್ಸ್ ಕೆಲಸದ ಇಂಟರ್‌ವ್ಯೂಗೆ ಅವನು ಅದನ್ನೇ ಕಟ್ಟಿಕೊಂಡು ಹೋದ. ಅಲ್ಲಿ ನಡೆದದ್ದನ್ನು ಅವತ್ತು ಸಂಜೆಯೇ ಬಂದು ಹೇಳಿದ.

ಮೇಜಿನಾಚೆ ಕೂತಿದ್ದ ಹಿರಿಯರ ಕಣ್ಣು ಮೊದಲು ಹೋದದ್ದೇ ಮಣಿಕಟ್ಟಿನ ಮೇಲೆ.

"ನಿಂತಿದೆಯಲ್ಲಪ್ಪಾ. ಕೀ ಜಾಸ್ತಿ ಕೊಟ್ಟು ಕೆಡಿಸಿದೀಯ."

ಮನೆಮನೆಯಲ್ಲೂ ಕೇಳುವ ಮಾತಿದು. ಅವನು ಒಪ್ಪಲಿಲ್ಲ.

"ಇಲ್ಲ ಸರ್. ಕೀ ಬಿಗಿಯಾಗಿ ನಿಂತಿದೆ ಅಂದ್ರೆ ಮೇನ್‌ಸ್ಪ್ರಿಂಗ್ ಪೂರ್ತಿ ಸುತ್ತಿಕೊಂಡಿದೆ ಅಂತಷ್ಟೇ. ಸ್ಪ್ರಿಂಗ್ ತುಂಡಾಗಿದ್ರೆ ಎಷ್ಟು ತಿರುಗಿಸಿದ್ರೂ ಬಿಗಿ ಸಿಗ್ತಿರಲಿಲ್ಲ. ಅಲ್ಲಾಡಿಸಿದ್ರೆ ಒಂದೆರಡು ಸೆಕೆಂಡು ಓಡುತ್ತೆ, ಮತ್ತೆ ನಿಲ್ಲುತ್ತೆ. ಶಕ್ತಿ ಒಳಗಿದೆ, ಅತ್ತಿತ್ತ ಆಡೋ ಬ್ಯಾಲೆನ್ಸ್ ಚಕ್ರದವರೆಗೆ ಬರ್ತಿಲ್ಲ. ನಡುವೆ ಎಣ್ಣೆ ಒಣಗಿ ಅಂಟಾಗಿದೆ."

ಅವನ ಲೆಕ್ಕ ಸರಿಯಾಗಿತ್ತು. ಈ ವಾಚಿನ ಬ್ಯಾಲೆನ್ಸ್ ಗಂಟೆಗೆ 18,000 ಸಲ ಬಡಿಯಬೇಕು, ಅಂದರೆ ಸೆಕೆಂಡಿಗೆ 5. ಚಕ್ರಗಳ ಅಚ್ಚಿನ ಕೂದಲೆಳೆಯಷ್ಟು ಸಣ್ಣ ತುದಿಗಳು ಕೆಂಪು ಕಲ್ಲುಗಳ ತೂತಿನಲ್ಲಿ ತಿರುಗುತ್ತವೆ. ಕೊನೆಯ ಚಕ್ರಕ್ಕೆ ತಲುಪುವ ಹೊತ್ತಿಗೆ ಸ್ಪ್ರಿಂಗಿನ ಬಲ ಬಹಳ ಕಡಿಮೆಯಾಗಿರುತ್ತದೆ, ಒಣಗಿದ ಎಣ್ಣೆಯೇ ಅದನ್ನು ತಡೆದು ನಿಲ್ಲಿಸಬಲ್ಲದು.

"ಹಾಗಾದ್ರೆ ಎರಡು ತೊಟ್ಟು ಎಣ್ಣೆ ಬಿಟ್ರಾಯ್ತಲ್ಲ?"

"ಕೊಳೆ ಮೇಲೆ ಎಣ್ಣೆ ಬಿಟ್ರೆ ಕೆಸರಾಗುತ್ತೆ ಸರ್. ಹರಿದು ಬ್ಯಾಲೆನ್ಸಿನ ಹೇರ್‌ಸ್ಪ್ರಿಂಗಿಗೆ ತಗುಲಿದ್ರೆ ಸುರುಳಿ ಒಂದಕ್ಕೊಂದು ಅಂಟಿ ವಾಚು ವಿಪರೀತ ಫಾಸ್ಟ್ ಹೋಗುತ್ತೆ. ಪೂರ್ತಿ ಬಿಚ್ಚಿ ತೊಳೀಬೇಕು. ಆಮೇಲೆ ಸೂಜಿ ತುದಿಯಲ್ಲಿ ನಿಲ್ಲುವಷ್ಟೇ ಎಣ್ಣೆ, ಅದೂ ಕಲ್ಲಿನ ಬಟ್ಟಲಿಗೆ ಮಾತ್ರ."

ನನಗೆ ತುಂಬ ಹಿಡಿಸಿದ್ದು ಮುಂದಿನ ಪ್ರಶ್ನೆ. "ಬಿಚ್ಚೋಕೆ ಕೂತ್ರೆ ಮೊದಲು ಏನು ಮಾಡ್ತೀಯ?"

"ಸ್ಪ್ರಿಂಗಿನ ಬಿಗಿ ಇಳಿಸ್ತೀನಿ ಸರ್. ಕೀ ಬೆರಳಲ್ಲಿ ಗಟ್ಟಿ ಹಿಡ್ಕೊಂಡು, ಹಲ್ಲುಚಕ್ರ ತಡೆದಿರೋ ಕ್ಲಿಕ್ ಸರಿಸಿ, ಸ್ವಲ್ಪಸ್ವಲ್ಪವೇ ಬಿಡಬೇಕು. ಬಿಗಿ ಇಳಿಸದೆ ಹಾಗೇ ಚಕ್ರಗಳನ್ನ ತಡೆದು ಬಿಡೋ ಪ್ಯಾಲೆಟ್ ತೆಗೆದ್ರೆ ಚಕ್ರಗಳೆಲ್ಲ ಸರ್ರನೆ ಒಂದೇ ಸಲ ತಿರುಗಿ ತುದಿ ಮುರೀತವೆ."

"ಕಂಪ್ರೆಸರ್ ಲೈನಿನ ವಾಲ್ವ್ ಬಿಚ್ಚಬೇಕಾದ್ರೆ?"

"ಮಷಿನ್ ಆಫ್ ಮಾಡಿ, ಒಳಗಿರೋ ಗಾಳಿ ಬಿಟ್ಟು, ಗೇಜು ಸೊನ್ನೆಗೆ ಬಂದಮೇಲೇ ಸ್ಪ್ಯಾನರ್ ಹಾಕ್ತೀನಿ."

ಅವರು ಕೈ ಚಾಚಿ ವಾಚು ಬಿಚ್ಚಿಸಿಕೊಂಡರಂತೆ. ಕಿವಿಗೆ ಹಿಡಿದು ಮೆಲ್ಲಗೆ ಅಲ್ಲಾಡಿಸಿದರು. ಟಿಕ್‌ಟಿಕ್ ಅಂದು ನಿಂತಿತು. "ಎಣ್ಣೆಯೇ" ಅಂದು ವಾಪಸ್ ಕೊಟ್ಟರು.

ಕೆಲಸ ಸಿಕ್ಕಿತು. ಮೊದಲ ಸಂಬಳದಲ್ಲಿ ವಾಚು ತೊಳೆಸಿದ. ಈಗ ದಿನಾ ಬೆಳಿಗ್ಗೆ ಶಿಫ್ಟಿಗೆ ಹೊರಡುವ ಮುಂಚೆ ಕೀ ಕೊಡುತ್ತಾನೆ, ಬಿಗಿ ಸಿಕ್ಕ ಕಡೆ ಬೆರಳು ತೆಗೆಯುತ್ತಾನೆ.