ಮುಳ್ಳಯ್ಯನಗಿರಿ ಪ್ರಾಜೆಕ್ಟ್: ಲೋಡಿಂಗ್ ಪರದೆ ಇಲ್ಲದೆ ಬೆಟ್ಟ ಹತ್ತುವುದು

ಚಿಕ್ಕಮಗಳೂರು ಪೇಟೆಯಿಂದ ಹೊರಟು, ಕೈಮರ ದಾಟಿ, ಸೀತಾಳಯ್ಯನಗಿರಿ ಮೇಲಾಸಿ ಮುಳ್ಳಯ್ಯನಗಿರಿವರೆಗೆ ಬೈಕ್ ಓಡಿಸಬೇಕು. ದಾರಿಯಲ್ಲಿ ಎಲ್ಲೂ ಲೋಡಿಂಗ್ ಪರದೆ ಬರಬಾರದು. ಗೊಡೊ ಎಂಜಿನ್‌ನಲ್ಲಿ ನಾನು ಕಟ್ಟುತ್ತಿರುವ ಆಟಕ್ಕೆ ಸದ್ಯ ಇಷ್ಟೇ ಗುರಿ. ಮನೆ ಇಲ್ಲ, ಅಂಗಡಿ ಇಲ್ಲ, ಜನ ಇಲ್ಲ. ನೆಲ, ರಸ್ತೆ, ಒಂದು ಬೈಕ್. ಈ ತಿಂಗಳು ಕೆಲಸ ಒಂದು ಹದಕ್ಕೆ ಬಂದಿದೆ, ಹಾಗಾಗಿ ಬರೆದಿಡುತ್ತಿದ್ದೇನೆ.

ನೆಲದ ಎತ್ತರ ಬಂದಿದ್ದು ಎಸ್‌ಆರ್‌ಟಿಎಂ ಡೇಟಾದಿಂದ. 2000ದ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ ರೇಡಾರ್‌ನಿಂದ ಅಳೆದದ್ದು ಅದು. ನಮ್ಮ ಗಿರಿಶ್ರೇಣಿ ಬರುವ ಫೈಲ್ ಹೆಸರು `N13E075.hgt`. ಒಳಗೆ 3601 ಸಾಲು, ಸಾಲಿಗೆ 3601 ಅಂಕಿ, ಒಂದೊಂದು ಅಂಕಿಗೆ ಎರಡು ಬೈಟ್. ಒಟ್ಟು ಸುಮಾರು 26 ಎಂಬಿ. ಅಂಕಿಯಿಂದ ಅಂಕಿಗೆ ನೆಲದ ಮೇಲೆ ಹೆಚ್ಚುಕಡಿಮೆ 30 ಮೀಟರ್ ದೂರ. ಓದುವಾಗ ಒಂದು ವಿಷಯ ನೆನಪಿಡಬೇಕು. ಇದರಲ್ಲಿ ದೊಡ್ಡ ಬೈಟ್ ಮೊದಲು ಬರುತ್ತದೆ:

```gdscript
f.big_endian = true
var h = f.get_16()
if h > 32767:
    h -= 65536
```

ಮೊದಲ ಸಾಲು ಬಿಟ್ಟರೆ ಬೈಟ್‌ಗಳು ಅದಲುಬದಲಾಗಿ 1000 ಮೀಟರ್ ಇದ್ದದ್ದು ಮೈನಸ್ 6141 ಆಗುತ್ತದೆ, 1001 ಮೀಟರ್ ಮೈನಸ್ 5885 ಆಗುತ್ತದೆ. ಒಂದು ಮೀಟರ್ ಏರಿಗೆ 256 ಮೀಟರ್ ಜಿಗಿತ. ಪರದೆ ತುಂಬ ಮುಳ್ಳುಮುಳ್ಳು ಗೋಪುರ ಕಂಡರೆ ಕಾರಣ ಇದೇ, ಬೇರೆ ಹುಡುಕಬೇಡಿ.

ಇನ್ನೊಂದು ಮಾತು. ಈ ರೇಡಾರ್ ದಟ್ಟ ಮರಗಳ ಬುಡದವರೆಗೆ ಪೂರ್ತಿ ಇಳಿಯುವುದಿಲ್ಲ. ಹಾಗಾಗಿ ಸಿಲ್ವರ್ ಓಕ್ ಎತ್ತರಕ್ಕೆ ಬೆಳೆದ ಕಾಫಿ ತೋಟದ ನೆಲ ಡೇಟಾದಲ್ಲಿ ಸ್ವಲ್ಪ ಉಬ್ಬಿರುತ್ತದೆ. ಮೇಲಿನ ಬೋಳು ಹುಲ್ಲುಗಾವಲಿಗೆ ಆ ತೊಂದರೆ ಇಲ್ಲ. ಆಟಕ್ಕೆ ಸಾಕು, ಸರ್ವೆಗೆ ಸಾಲದು.

26 ಎಂಬಿ ಅಂದರೆ ಫೋನ್‌ನಲ್ಲೂ ಹಿಡಿಯುತ್ತದೆ, ಲೋಡಿಂಗ್ ಪರದೆ ತಪ್ಪಿಸಲು ಸರ್ಕಸ್ ಯಾಕೆ ಅಂತ ಕೇಳಬಹುದು. ಭಾರ ಇರುವುದು ಅಂಕಿಗಳಲ್ಲಿ ಅಲ್ಲ, ಅದರಿಂದ ಕಟ್ಟುವ ತ್ರಿಕೋನಗಳ ಬಲೆಯಲ್ಲಿ, ಅಂದರೆ ಮೆಶ್‌ನಲ್ಲಿ. ನಾನು ತೆಗೆದುಕೊಂಡ ಜಾಗ ಸುಮಾರು 33 ಕಿ.ಮೀ. ಚೌಕ. ಬೈಕ್ ಚಕ್ರದ ಕೆಳಗೆ 30 ಮೀಟರ್‌ಗೊಂದು ಬಿಂದು ಸಾಲದು, 2 ಮೀಟರ್‌ಗೊಂದು ಬೇಕು. ಮಧ್ಯದ ಎತ್ತರವನ್ನು ಲೆಕ್ಕ ಹಾಕಿ ತುಂಬಿಸುತ್ತೇನೆ. ಇಡೀ ಚೌಕಕ್ಕೆ ಹಾಗೆ ಮಾಡಿದರೆ 53 ಕೋಟಿ ತ್ರಿಕೋನಗಳಾಗುತ್ತವೆ. ಆಗದ ಮಾತು.

ಆದ್ದರಿಂದ ಜಾಗವನ್ನು ನಾಲ್ಕು ತುಂಡು, ಪ್ರತಿ ತುಂಡನ್ನು ಮತ್ತೆ ನಾಲ್ಕು, ಹೀಗೆ ಮರ ಕವಲೊಡೆದ ಹಾಗೆ ಒಡೆಯುತ್ತಾ ಹೋದೆ. ಅತಿ ಚಿಕ್ಕ ತುಂಡು 128 ಮೀಟರ್, ಅತಿ ದೊಡ್ಡದು ಇಡೀ ಚೌಕ. ತಂತ್ರ ಏನೆಂದರೆ ತುಂಡು ಚಿಕ್ಕದಿರಲಿ ದೊಡ್ಡದಿರಲಿ, ಎಲ್ಲದರಲ್ಲೂ 65×65 ಬಿಂದುಗಳೇ. 128 ಮೀಟರ್ ತುಂಡಿನಲ್ಲಿ ಬಿಂದುಗಳ ನಡುವೆ 2 ಮೀಟರ್ ಇದ್ದರೆ, 8 ಕಿ.ಮೀ. ತುಂಡಿನಲ್ಲಿ 128 ಮೀಟರ್. ಹತ್ತಿರದಲ್ಲಿ ಚಿಕ್ಕ ತುಂಡು, ದೂರದಲ್ಲಿ ದೊಡ್ಡ ತುಂಡು. ಒಟ್ಟು 150 ತುಂಡು ಆಸುಪಾಸು, ಅಂದರೆ 12 ಲಕ್ಷ ತ್ರಿಕೋನ. ಹಳೆಯ ಲ್ಯಾಪ್‌ಟಾಪ್ ಕೂಡ ತಡೆದುಕೊಳ್ಳುತ್ತದೆ.

ಲೋಡಿಂಗ್ ಪರದೆ ಬೇಡವಾಗುವುದು ಈ ಮರದ ಒಂದು ಗುಣದಿಂದ. ಒಂದು ತುಂಡನ್ನು ಒಡೆಯಬೇಕು ಅಂದಾಗ ಅದನ್ನು ತಕ್ಷಣ ತೆಗೆಯುವುದಿಲ್ಲ. ನಾಲ್ಕು ಮರಿಗಳನ್ನು ಕಟ್ಟಲು ಹಿನ್ನೆಲೆಯಲ್ಲಿ ಕೆಲಸ ಮಾಡುವ `WorkerThreadPool`ಗೆ ಕೊಟ್ಟು, ನಾಲ್ಕೂ ತಯಾರಾಗುವವರೆಗೆ ತಾಯಿ ತುಂಡನ್ನೇ ತೋರಿಸುತ್ತೇನೆ. ಮೂರು ಬಂದು ಒಂದು ಬಾಕಿ ಇದ್ದರೂ ಬದಲಾವಣೆ ಇಲ್ಲ. ಯಂತ್ರ ನಿಧಾನ ಇದ್ದರೆ ನೆಲ ಸ್ವಲ್ಪ ಹೊತ್ತು ಒರಟಾಗಿ ಕಾಣುತ್ತದೆ ಅಷ್ಟೇ, ಗುಂಡಿ ಬೀಳುವುದಿಲ್ಲ, ಆಟ ನಿಲ್ಲುವುದಿಲ್ಲ. 2001ರ ಜಿಟಿಎ 3ರಲ್ಲಿ ಒಂದು ದ್ವೀಪದಿಂದ ಇನ್ನೊಂದಕ್ಕೆ ಹೋಗುವಾಗ ಆಟ ನಿಂತು ಲೋಡ್ ಆಗುತ್ತಿತ್ತು. ಅದೇ ಸರಣಿಯ 2004ರ ಸ್ಯಾನ್ ಆಂಡ್ರಿಯಾಸ್ ಹೊತ್ತಿಗೆ ಊರಿಂದೂರಿಗೆ ನಿಲ್ಲದೆ ಗಾಡಿ ಓಡಿಸಬಹುದಿತ್ತು.

ತುಂಡು ಹಿನ್ನೆಲೆಯಲ್ಲಿ ತಯಾರಾದರೂ ಅದನ್ನು ಗ್ರಾಫಿಕ್ಸ್ ಕಾರ್ಡ್‌ಗೆ ದಾಟಿಸಿ, ದೃಶ್ಯಕ್ಕೆ ಸೇರಿಸುವ ಕೆಲಸ ನನ್ನಲ್ಲಿ ಮುಖ್ಯ ಥ್ರೆಡ್‌ನಲ್ಲೇ ನಡೆಯುತ್ತದೆ. ಸೆಕೆಂಡಿಗೆ 60 ಫ್ರೇಮ್ ಬೇಕಾದರೆ ಒಂದು ಫ್ರೇಮ್‌ಗೆ ಸಿಗುವುದು 16.6 ಮಿಲಿಸೆಕೆಂಡ್. ಎಂಟು ತುಂಡು ಒಟ್ಟಿಗೆ ಬಂದರೆ ಬೈಕ್ ಜರ್ಕ್ ಹೊಡೆಯುತ್ತದೆ. ಹಾಗಾಗಿ ಫ್ರೇಮ್‌ಗೆ 2 ಮಿಲಿಸೆಕೆಂಡ್ ಮಿತಿ ಇಟ್ಟು, ಅಷ್ಟರಲ್ಲಿ ಎಷ್ಟು ಆಗುತ್ತದೋ ಅಷ್ಟು ಸೇರಿಸಿ, ಉಳಿದದ್ದನ್ನು ಮುಂದಿನ ಫ್ರೇಮ್‌ಗೆ ತಳ್ಳುತ್ತೇನೆ. ಸರಾಸರಿ ಎಫ್‌ಪಿಎಸ್ ನೋಡಿದರೆ ಈ ಜರ್ಕ್ ಗೊತ್ತೇ ಆಗುವುದಿಲ್ಲ, ಸರಾಸರಿ ಚೆನ್ನಾಗೇ ಇರುತ್ತದೆ. ಪ್ರತಿ ಫ್ರೇಮ್‌ನ ಸಮಯವನ್ನು ಗೆರೆಯಾಗಿ ಬರೆದು ನೋಡಬೇಕು. ಎದ್ದು ನಿಂತ ಮೊಳೆಗಳು ತುಂಡು ಬದಲಾದ ಕ್ಷಣಕ್ಕೆ ಸರಿಯಾಗಿ ಕೂತಿದ್ದರೆ ಕಳ್ಳ ಸಿಕ್ಕಿದ ಹಾಗೆ.

ಬಿರುಕಿನ ಸಮಸ್ಯೆ ಎಲ್ಲರಿಗೂ ಬರುತ್ತದೆ. ಚಿಕ್ಕ ತುಂಡು ದೊಡ್ಡ ತುಂಡಿಗೆ ತಾಗುವ ಅಂಚಿನಲ್ಲಿ ಒಂದು ಕಡೆ ಬಿಂದು ಜಾಸ್ತಿ, ಇನ್ನೊಂದು ಕಡೆ ಕಡಿಮೆ. ಮಧ್ಯದ ಬಿಂದು ಒಂದಿಷ್ಟು ಮೇಲೋ ಕೆಳಗೋ ಇರುತ್ತದೆ. ಹೆಂಚಿನ ಸಂದಿಯಿಂದ ಬಿಸಿಲು ಇಣುಕಿದ ಹಾಗೆ ಗುಡ್ಡದ ನಡುವೆ ಆಕಾಶದ ನೀಲಿ ಚುಕ್ಕೆ ಮಿನುಗುತ್ತದೆ. ಅಂಚಿನ ಬಿಂದುಗಳನ್ನು ನೆರೆಯ ತುಂಡಿಗೆ ಹೊಂದಿಸಿ ಹೊಲಿಯುವುದು ಅಚ್ಚುಕಟ್ಟಾದ ದಾರಿ. ನಾನು ಹಿಡಿದದ್ದು ಸೋಮಾರಿ ದಾರಿ: ಪ್ರತಿ ತುಂಡಿನ ಸುತ್ತ ಕೆಳಕ್ಕೆ ಇಳಿಬಿಟ್ಟ ಒಂದು ಅಂಚುಪಟ್ಟಿ. ನೆರೆಯಲ್ಲಿ ಯಾರಿದ್ದಾರೆ ಅಂತ ತುಂಡಿಗೆ ಗೊತ್ತಿರಬೇಕಾಗಿಲ್ಲ, ಅದೇ ದೊಡ್ಡ ಲಾಭ. ನೆಲ ಯಾವ ಕಡೆಗೆ ಮುಖ ಮಾಡಿದೆ ಅಂತ ಬೆಳಕಿನ ಲೆಕ್ಕಕ್ಕೆ ಹೇಳುವುದು ನಾರ್ಮಲ್. ಪಟ್ಟಿಯ ಕೆಳಬಿಂದುಗಳಿಗೂ ಮೇಲಿನ ಅಂಚಿನ ನಾರ್ಮಲ್ ಅನ್ನೇ ಕೊಡಬೇಕು. ಇಲ್ಲದಿದ್ದರೆ ಬಿಸಿಲಿನಲ್ಲಿ ಅದು ಕಪ್ಪು ಗೆರೆಯಾಗಿ ಎದ್ದು ಕಾಣುತ್ತದೆ.

ಈ ತಿಂಗಳ ಹೆಚ್ಚಿನ ಹೊತ್ತು ತಿಂದದ್ದು ಮಾತ್ರ ಬೇರೆ. ಹಾಸನದಿಂದ ಬಂದಿದ್ದ ಚಿಕ್ಕಪ್ಪನ ಮಗ ಗೇಮ್‌ಪ್ಯಾಡ್ ಹಿಡಿದು ಕಡೂರು ರಸ್ತೆ ಕಡೆಯಿಂದ ಬರುತ್ತಿದ್ದ. "ಅಣ್ಣ, ನಿನ್ ಬೆಟ್ಟ ಬೆಳೀತಾ ಇದೆ ನೋಡು" ಅಂದ. ನಿಜ. ದೂರದಲ್ಲಿ ಮುಳ್ಳಯ್ಯನಗಿರಿಯ ತುದಿ ಮೊಂಡಾಗಿತ್ತು. ಹತ್ತಿರ ಬರುತ್ತಿದ್ದ ಹಾಗೆ ಒಂದು ಕ್ಷಣದಲ್ಲಿ ಟಕ್ ಅಂತ ಮೇಲೆದ್ದಿತು.

ಆಗ ತುಂಡು ಒಡೆಯುವ ನಿಯಮ ಬರೀ ದೂರದ್ದಾಗಿತ್ತು: ತುಂಡಿನ ಅಗಲಕ್ಕಿಂತ ಹತ್ತಿರ ಬಂದರೆ ಒಡೆ. 8 ಕಿ.ಮೀ. ತುಂಡಿನಲ್ಲಿ ಬಿಂದುಗಳ ನಡುವೆ 128 ಮೀಟರ್ ಅಂತರ ಇದೆ ಅಲ್ವಾ? ಚೂಪು ಶಿಖರ ಎರಡು ಬಿಂದುಗಳ ನಡುವೆ ಬಿದ್ದರೆ ಅದು ಮೆಶ್‌ನಲ್ಲಿ ಇಲ್ಲವೇ ಇಲ್ಲ. ನನ್ನ ಲೆಕ್ಕದಲ್ಲಿ ಅಲ್ಲಿ ಸುಮಾರು 40 ಮೀಟರ್ ಮಾಯವಾಗಿತ್ತು. ನೋಡುವವನು 12 ಕಿ.ಮೀ. ದೂರದಲ್ಲಿದ್ದರೆ ಆ 40 ಮೀಟರ್ ಪರದೆ ಮೇಲೆ ಎಷ್ಟು? ಎತ್ತರ 1080 ಪಿಕ್ಸೆಲ್, ಕ್ಯಾಮೆರಾದ ಲಂಬ ಕೋನ 60 ಡಿಗ್ರಿ ಇದ್ದರೆ:

```
k = 1080 / (2 * tan(30°)) ≈ 935
40 * 935 / 12000 ≈ 3.1
```

ಮೂರು ಪಿಕ್ಸೆಲ್ ಏನು ಮಹಾ ಅನ್ನಿಸಬಹುದು. ಗುಡ್ಡದ ಮೈಮೇಲೆ ಆಗಿದ್ದರೆ ಯಾರಿಗೂ ಕಾಣುತ್ತಿರಲಿಲ್ಲ. ಆದರೆ ಶಿಖರ ಆಕಾಶಕ್ಕೆ ಅಂಟಿಕೊಂಡಿರುತ್ತದೆ. ಅಲ್ಲಿ ಕಡು ಹಸಿರಿನ ಪಕ್ಕ ತಿಳಿ ನೀಲಿ, ಕಣ್ಣು ಸಣ್ಣ ಅಲುಗಾಟವನ್ನೂ ಹಿಡಿದುಬಿಡುತ್ತದೆ.

ಈಗ ನಿಯಮ ಬದಲಾಗಿದೆ. ಪ್ರತಿ ತುಂಡಿಗೂ ಮೊದಲೇ ಒಂದು ಅಂಕಿ ಬರೆದಿಟ್ಟಿದ್ದೇನೆ: ಈ ಒರಟು ಮೆಶ್, ಪೂರ್ತಿ ಡೇಟಾಕ್ಕಿಂತ ಹೆಚ್ಚೆಂದರೆ ಎಷ್ಟು ಮೀಟರ್ ತಪ್ಪುತ್ತದೆ. ಆ ತಪ್ಪು ಪರದೆಯಲ್ಲಿ 2 ಪಿಕ್ಸೆಲ್ ದಾಟಿದರೆ ಮಾತ್ರ ಒಡೆಯಬೇಕು.

```gdscript
func needs_split(node, cam_pos):
    var d = max(node.box_distance(cam_pos), 1.0)
    return node.error * k / d > 2.0
```

ಇದರಿಂದ ಲೆಕ್ಕವೇ ತಿರುಗಿತು. ಶಿಖರ ಇರುವ ಆ ತುಂಡು 18 ಕಿ.ಮೀ. ದೂರದಲ್ಲೇ ಒಡೆಯುತ್ತದೆ. ಬೆಟ್ಟದ ಪೂರ್ವಕ್ಕೆ, ಬಯಲುಸೀಮೆ ಕಡೆ ಚಪ್ಪಟೆ ಹೊಲ ಇರುವ 2 ಕಿ.ಮೀ. ತುಂಡಿನ ತಪ್ಪು ಬರೀ ಒಂದೂವರೆ ಮೀಟರ್. ಮೊದಲು ಅದು 2 ಕಿ.ಮೀ. ದೂರದಲ್ಲಿ ಸುಮ್ನೆ ಒಡೆಯುತ್ತಿತ್ತು, ಈಗ 700 ಮೀಟರ್ ಹತ್ತಿರ ಬರುವವರೆಗೆ ಹಾಗೇ ಇರುತ್ತದೆ. ಕೆರೆಯ ನೀರಿನ ತುಂಡಿಗೆ ತಪ್ಪು ಸೊನ್ನೆ, ಅದು ಒಡೆಯುವುದೇ ಇಲ್ಲ. ಬಯಲಿನಲ್ಲಿ ಉಳಿದ ತ್ರಿಕೋನ ಬೆಟ್ಟಕ್ಕೆ ಹೋಯಿತು.

ಇದನ್ನು ಮಾಡುವವರು ಎರಡು ಕಡೆ ಹುಷಾರಾಗಿರಬೇಕು. ತಾಯಿ ತುಂಡಿನ ತಪ್ಪು ಮರಿಗಳಿಗಿಂತ ಕಡಿಮೆ ಬರುವ ಸಾಧ್ಯತೆ ಇದೆ, ಯಾಕೆಂದರೆ ಒರಟು ಮೆಶ್ ಕೆಲವೊಮ್ಮೆ ಅದೃಷ್ಟಕ್ಕೆ ಸರಿಹೊಂದಿಬಿಡುತ್ತದೆ. ಹಾಗಾದಾಗ ತಾಯಿ ಒಡೆಯುವುದಿಲ್ಲ, ಒರಟಾದ ಮರಿಯ ಸರದಿ ಬರುವುದೇ ಇಲ್ಲ. ತಾಯಿಗೆ ತನ್ನದು ಮತ್ತು ಮರಿಗಳದ್ದರಲ್ಲಿ ಯಾವುದು ದೊಡ್ಡದೋ ಆ ಅಂಕಿ ಕೊಡಬೇಕು. ಇನ್ನೊಂದು, ಒಡೆಯಲು 2 ಪಿಕ್ಸೆಲ್ ಇದ್ದರೆ ಮತ್ತೆ ಕೂಡಿಸಲು 1.6 ಇಡಬೇಕು. ಎರಡಕ್ಕೂ ಒಂದೇ ಅಂಕಿ ಇಟ್ಟರೆ, ಗಡಿಯಲ್ಲಿ ಬೈಕ್ ನಿಲ್ಲಿಸಿ ಕ್ಯಾಮೆರಾ ಸ್ವಲ್ಪ ಅಲ್ಲಾಡಿಸಿದರೂ ತುಂಡು ಒಡೆಯುತ್ತಾ ಕೂಡುತ್ತಾ ಮಿನುಗುತ್ತದೆ.

ಇಷ್ಟಾದರೂ ಒಂದು ಜಾಗದಲ್ಲಿ ಒರಟುತನ ನಡೆಯುವುದಿಲ್ಲ: ಡಿಕ್ಕಿಯ ಲೆಕ್ಕ. ಕಣ್ಣಿಗೆ ಒರಟು ನೆಲ ತೋರಿಸಬಹುದು, ಚಕ್ರಕ್ಕೆ ಕೊಡಲಾಗದು. ಒರಟು ನೆಲದ ಮೇಲೆ ನಿಂತ ಬೈಕ್, ನಯವಾದದ್ದು ಬಂದ ಕೂಡಲೇ ಅರ್ಧ ಹೂತಿರುತ್ತದೆ ಇಲ್ಲವೇ ಗಾಳಿಗೆ ಎಗರುತ್ತದೆ. ಅದಕ್ಕೆ ಬೈಕ್ ಇರುವ ತುಂಡು ಮತ್ತು ಸುತ್ತಲಿನ ಎಂಟಕ್ಕೆ ಮಾತ್ರ, ಯಾವಾಗಲೂ 2 ಮೀಟರ್ ಲೆಕ್ಕದಲ್ಲೇ `HeightMapShape3D` ಎಂಬ ಡಿಕ್ಕಿ ಆಕಾರ ಕಟ್ಟಿಡುತ್ತೇನೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ 128 ಮೀಟರ್ ದಾಟಲು ಏಳೂವರೆ ಸೆಕೆಂಡಿಗೂ ಜಾಸ್ತಿ ಬೇಕು, ಧಾರಾಳ ಸಮಯ. ಬೈಕ್ ಬದಲು ಸೆಕೆಂಡಿಗೆ 100 ಮೀಟರ್ ಹೋಗುವ ವಿಮಾನ ಬಿಟ್ಟರೆ ಸಿಗುವುದು 1.3 ಸೆಕೆಂಡ್, ಅದೂ ಸಾಕು. ಮ್ಯಾಪ್ ತೆರೆದು ನೇರ ಬಾಬಾಬುಡನ್‌ಗಿರಿಗೆ ಹಾರಿದರೆ ಮಾತ್ರ ಸಮಯ ಸೊನ್ನೆ. ಅಲ್ಲಿ ಕಾಯಲೇಬೇಕು. ಒಂಬತ್ತು ತುಂಡಿನ ಡಿಕ್ಕಿ ಆಕಾರ ತಯಾರಾಗುವವರೆಗೆ ಪರದೆಯನ್ನು ಕಪ್ಪಾಗಿಸಿ, ಆಮೇಲೆ ಬೈಕ್ ಬಿಡುತ್ತೇನೆ. ಲೋಡಿಂಗ್ ಪರದೆ ಅಂತ ಕರೆಯಲು ನನಗೇ ಮನಸ್ಸಿಲ್ಲ, ಆದರೆ ಅದು ಅದೇ.

ತುಂಡು ಬದಲಾಗುವ ಟಕ್ ಇನ್ನೂ ಪೂರ್ತಿ ಹೋಗಿಲ್ಲ. 2 ಪಿಕ್ಸೆಲ್‌ನಲ್ಲೂ ಸಂಜೆಯ ಓರೆ ಬಿಸಿಲಿಗೆ ನೆರಳು ಜಿಗಿಯುವುದು ಕಾಣುತ್ತದೆ, ಆಕಾರಕ್ಕಿಂತ ಬೆಳಕೇ ಹೆಚ್ಚು ಚಾಡಿ ಹೇಳುತ್ತದೆ. ನಾರ್ಮಲ್‌ಗಳನ್ನು ಮೆಶ್‌ನಿಂದ ತೆಗೆಯದೆ ಪೂರ್ತಿ ಡೇಟಾದಿಂದ ಮಾಡಿದ ಒಂದು ಟೆಕ್ಸ್ಚರ್‌ನಿಂದ ಓದಿಸಬೇಕು. ಅದು ಮುಂದಿನ ಕೆಲಸ. ಆಮೇಲೆ ಕಾಫಿ ಗಿಡ, ಅದಕ್ಕೆ ನೆರಳಿನ ಮರ. ಅವುಗಳ ಎಲ್‌ಒಡಿ, ಅಂದರೆ ದೂರಕ್ಕೆ ತಕ್ಕಂತೆ ವಿವರ ಕಡಿಮೆ ಮಾಡುವುದು, ನೆಲಕ್ಕಿಂತ ದೊಡ್ಡ ತಲೆನೋವು.