‘ಮತ್ತೆ?’ ಅಂದಮೇಲೆ ಏನು ಮಾತಾಡೋದು?

“ದಿನಾ ಫೋನ್ ಮಾಡ್ತೀವಿ, ಆದ್ರೆ ಊಟ ಆತಾ ಅಂತ ಕೇಳಿದ್ಮೇಲೆ ಮಾತೇ ಇರಲ್ಲ. ಭೇಟಿ ಆಗೋದು ಎರಡು ಮೂರು ತಿಂಗಳಿಗೊಮ್ಮೆ. ನೀವಿಬ್ರೂ ನಾಲ್ಕು ವರ್ಷದಿಂದ ದೂರ ದೂರ ಹೇಗಿದ್ದೀರಿ ಮಾರಾಯ್ರೆ?”

ನಮ್ಮ ಹಾಗೇ ದೂರ ಇರುವವರೊಬ್ಬರು ಹೀಗೆ ಕೇಳಿದರು. ನಾನು ದಾವಣಗೆರೆಯಲ್ಲಿ ಹೈಸ್ಕೂಲ್ ಟೀಚರ್. ನಮ್ಮನೆಯವರು ಪುಣೆ ಹತ್ತಿರದ ಚಾಕಣದಲ್ಲಿ, ಗಾಡಿಗಳ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿದ್ದಾರೆ. ನಮ್ಮ ಫೋನಿನ ಮಾತು ಸತ್ತಿದ್ದು ಮದುವೆಯಾದ ಎರಡನೇ ವರ್ಷಕ್ಕೆ. ಜಗಳ ಏನೂ ಆಗಿರಲಿಲ್ಲ. ದಿನಾ ರಾತ್ರಿ ಒಂಬತ್ತಕ್ಕೆ ಫೋನ್ ಬರುತ್ತಿತ್ತು. “ಊಟ ಆತಾ?” “ಹೂಂ ರೀ, ನಿಮ್ದು?” “ಆತು. ಮತ್ತೆ?” “ಮತ್ತೇನಿಲ್ಲ.” ಆ ‘ಮತ್ತೆ’ ಇದೆಯಲ್ಲ, ಅದೇ ಗುರುತು. ಒಂದು ಫೋನಿನಲ್ಲಿ ಒಮ್ಮೆ ಬಂದರೆ ಪರವಾಗಿಲ್ಲ. ಮೂರು ಸಲ ಬಂತು ಅಂದರೆ ಇಬ್ಬರೂ ಹಾಜರಿ ಹಾಕುತ್ತಿದ್ದೀರಿ ಅಂತ ಅರ್ಥ, ಮಾತಾಡುತ್ತಿಲ್ಲ.

ಮೊದಲು ನಾವು ಮಾಡಿದ ತಪ್ಪು, ಫೋನ್ ಜಾಸ್ತಿ ಮಾಡಿದ್ದು. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು, ರಾತ್ರಿ ಒಂದು. ಆಗ ‘ಮತ್ತೆ’ಗಳೂ ಮೂರು ಪಟ್ಟಾದವು, ಅಷ್ಟೇ. ನಿಮಿಷ ಕಮ್ಮಿಯಾಗಿದ್ದು ತೊಂದರೆ ಆಗಿರಲಿಲ್ಲ. ದಿನದ ಕೊನೆಗೆ ಸುಸ್ತಾಗಿ ಕೂತು ಇಡೀ ದಿನವನ್ನು ವರದಿ ಒಪ್ಪಿಸುವ ಹಾಗೆ ಹೇಳಲು ಹೋದರೆ ಯಾರಿಗಾದರೂ ಏನು ನೆನಪಿರುತ್ತದೆ ಹೇಳಿ? ಒಂದೇ ಮನೆಯಲ್ಲಿರುವ ಗಂಡ ಹೆಂಡತಿ ಹಾಗೆ ವರದಿ ಕೊಡುವುದಿಲ್ಲ. ಈರುಳ್ಳಿ ಹೆಚ್ಚುತ್ತಾ, ಚಪ್ಪಲಿ ಹುಡುಕುತ್ತಾ ಅಲ್ಲೊಂದು ಇಲ್ಲೊಂದು ಮಾತು ಬೀಳುತ್ತದೆ. ನಮಗೆ ಬೇಕಾಗಿದ್ದು ಆ ಚೂರುಪಾರು ಮಾತು.

ಅದಕ್ಕೆ ದಿನದ ಫೋನ್ ಬಿಟ್ಟೆವು. ಅತ್ತೆಗೆ ಗಾಬರಿಯಾಯಿತು, “ಏನ್ ಜಗಳ ಆಡ್ಕೊಂಡ್ರೇನು?” ಅಂತ ಎರಡು ದಿನ ನನ್ನ ಮುಖ ನೋಡಿದರು. ನಮ್ಮನೆಯವರ ಶಿಫ್ಟ್ ವಾರಕ್ಕೊಮ್ಮೆ ಬದಲಾಗುತ್ತದೆ. ಈಗ ಆ ಶಿಫ್ಟಿನ ಚೀಟಿಯನ್ನು ಅಡುಗೆಮನೆ ಕ್ಯಾಲೆಂಡರಿಗೆ ಸಿಕ್ಕಿಸಿದ್ದೇನೆ. ಫಸ್ಟ್ ಶಿಫ್ಟ್ ವಾರ ರಾತ್ರಿ ಎಂಟೂವರೆಗೆ ಫೋನ್, ನೈಟ್ ಶಿಫ್ಟ್ ವಾರ ನಾನು ಸ್ಕೂಲಿನಿಂದ ಬಂದಮೇಲೆ ಸಂಜೆ ಐದಕ್ಕೆ. ಅದೂ ವಾರಕ್ಕೆ ಮೂರು ದಿನ ಸಾಕು. ಸೆಕೆಂಡ್ ಶಿಫ್ಟ್ ವಾರ ಫೋನೇ ಇಲ್ಲ. ಅವರು ರೂಮಿಗೆ ಬರುವಾಗ ರಾತ್ರಿ ಹನ್ನೆರಡೂವರೆ, ನಾನು ಏಳುವುದು ಐದೂವರೆಗೆ. ಆ ಹೊತ್ತಲ್ಲಿ ನಿದ್ದೆಗಣ್ಣಲ್ಲಿ ಮಾತಾಡಿ, “ಯಾಕೆ ಒಂಥರಾ ಇದ್ದೀಯ?” ಅಂತ ಶುರುವಾಗಿ, ಬೆಳಿಗ್ಗೆ ನೆನಪೇ ಇಲ್ಲದ ವಿಷಯಕ್ಕೆ ಎಷ್ಟು ಸಲ ಮುನಿಸಿಕೊಂಡಿದ್ದೇವೋ.

ಫೋನಿನ ಬದಲು ವಾಯ್ಸ್ ಮೆಸೇಜ್. ಅದಕ್ಕೊಂದು ಕರಾರು ಇದೆ: ಕೂಡಲೇ ಕೇಳಬೇಕಿಲ್ಲ, ಕೂಡಲೇ ಉತ್ತರಿಸಬೇಕಿಲ್ಲ, ನೀಲಿ ಗೆರೆ ನೋಡಿ ಲೆಕ್ಕ ಕೇಳುವ ಹಾಗಿಲ್ಲ. ಏನಾದರೂ ಆದ ಗಳಿಗೆಯಲ್ಲೇ ಅರ್ಧ ನಿಮಿಷ ಹೇಳಿ ಬಿಡುವುದು. ಅವರು ಊಟ ಮಾಡುವ ಮೆಸ್ ನಡೆಸುವ ಮೌಶಿ ಒಂದು ದಿನ ಪಲ್ಯಕ್ಕೆ ಸಕ್ಕರೆ ಹಾಕಿದ್ದಕ್ಕೆ ನಮ್ಮ ಕಡೆಯ ಹುಡುಗರೆಲ್ಲ ಗಲಾಟೆ ಮಾಡಿದ್ದು, ಆಕೆ ಸೌಟು ಹಿಡಿದು ಮರಾಠಿಯಲ್ಲಿ ಬೈದಿದ್ದು, ಎಲ್ಲ ನಲವತ್ತು ಸೆಕೆಂಡಿನಲ್ಲಿ ಹಿಂದಿನ ಗದ್ದಲದ ಸಮೇತ ನನಗೆ ಬಂತು. ಇದನ್ನೇ ರಾತ್ರಿ ಫೋನಿನಲ್ಲಿ ಕೇಳಿದ್ದರೆ “ಊಟ ಸರಿ ಇರ್ಲಿಲ್ಲ” ಅಂತ ಮುಗಿಯುತ್ತಿತ್ತು.

ಇದರಿಂದ ಆದ ದೊಡ್ಡ ಲಾಭ ಅಂದರೆ ಕೇಳಲು ಪ್ರಶ್ನೆಗಳು ಸಿಕ್ಕವು. ಮೌಶಿಯ ಮಗಳು ಹತ್ತನೇ ಕ್ಲಾಸು ಅಂತ ಗೊತ್ತಾದಮೇಲೆ “ಊಟ ಆತಾ” ಹೋಗಿ “ಮೌಶಿ ಮಗಳ ಗಣಿತದ ಪೇಪರ್ ಹೆಂಗಾತಂತೆ?” ಬಂತು. ಅವರೂ ಅಷ್ಟೇ, ನನ್ನ ಎಂಟನೇ ಕ್ಲಾಸಿನ ಹಿಂದಿನ ಬೆಂಚಿನ ಹುಡುಗರ ಕಥೆಯನ್ನು ಕಂತು ಕಂತಾಗಿ ಕೇಳುತ್ತಾರೆ. ದೂರ ಇರುವವರ ಜೀವನದಲ್ಲಿ ಬರುವ ನಾಲ್ಕು ಜನರ ಪರಿಚಯ ನಿಮಗಿಲ್ಲ ಅಂದರೆ, ಅವರ ದಿನದ ಬಗ್ಗೆ ನೀವು ಕೇಳುವುದಾದರೂ ಏನನ್ನು?

ಅವರ ಕಂಪನಿಗೆ ವಾರದ ರಜೆ ಗುರುವಾರ. ಪುಣೆ ಕಡೆಯ ಕಾರ್ಖಾನೆಗಳಲ್ಲಿ ಇದು ಮಾಮೂಲು. ನನಗೆ ಭಾನುವಾರ. ಹೀಗಾಗಿ ಇಬ್ಬರ ರಜೆ ಯಾವತ್ತೂ ಕೂಡುವುದಿಲ್ಲ. ಗುರುವಾರ ಸಂಜೆ ಮಾತ್ರ ವಿಡಿಯೋ ಕಾಲ್, ಅದೂ ಮಾತಾಡಲು ಅಲ್ಲ. ಮೆಸ್‌ಗೂ ರಜೆಯಾದ್ದರಿಂದ ಅವರು ಫೋನನ್ನು ಅಕ್ಕಿ ಡಬ್ಬಕ್ಕೆ ಒರಗಿಸಿಟ್ಟು ಅಡುಗೆ ಮಾಡುತ್ತಾರೆ, ನಾನು ಉತ್ತರ ಪತ್ರಿಕೆ ತಿದ್ದುತ್ತೇನೆ. ಹತ್ತು ನಿಮಿಷ ಯಾರೂ ಮಾತಾಡದೆ ಇರುವುದೂ ಉಂಟು. ಆಮೇಲೆ “ಒಗ್ಗರಣೆ ಸೀದೋಯ್ತು ಕಣೇ” ಅಂತ ಒಂದು ಕೂಗು.

ಇನ್ನೊಂದು ವಿಷಯ, ಇದು ಯಾರೂ ಹೇಳುವುದಿಲ್ಲ. ದೂರ ಇದ್ದಾಗ ಕೆಟ್ಟದ್ದನ್ನು ಮುಚ್ಚಿಡುವ ಚಟ ಅಂಟುತ್ತದೆ. 2013ರಲ್ಲಿ ಕ್ರಿಸ್ಟಲ್ ಜಿಯಾಂಗ್ ಮತ್ತು ಜೆಫ್ರಿ ಹ್ಯಾನ್‌ಕಾಕ್ ಅನ್ನುವವರು ಪ್ರೀತಿಸುತ್ತಿರುವ ಜೋಡಿಗಳ ಮೇಲೆ ಮಾಡಿದ ಅಧ್ಯಯನ ಪ್ರಕಟಿಸಿದರು. ದೂರ ಇದ್ದವರ ಆಪ್ತತೆ ಹತ್ತಿರ ಇದ್ದವರಿಗಿಂತ ಕಮ್ಮಿ ಇರಲಿಲ್ಲ, ಜಾಸ್ತಿಯೇ ಇತ್ತು. ಕಾರಣ ಎರಡು: ಮನಸ್ಸಿನದನ್ನು ಹೆಚ್ಚು ಹೇಳಿಕೊಳ್ಳುತ್ತಿದ್ದರು, ಜೊತೆಗೆ ಎದುರಿನವರನ್ನು ಇರುವುದಕ್ಕಿಂತ ಚೆಂದವಾಗಿ ಊಹಿಸಿಕೊಳ್ಳುತ್ತಿದ್ದರು. ಮೊದಲನೆಯದು ಒಳ್ಳೆಯದು. ಎರಡನೆಯದರ ಬಗ್ಗೆ ನನಗೆ ಭಯವಿದೆ. ನಮ್ಮವರು ಒಮ್ಮೆ ಆರು ದಿನ ಜ್ವರದಲ್ಲಿ ಮಲಗಿದ್ದರೂ “ಆರಾಮ ಇದೀನಿ” ಅಂದಿದ್ದರು. ನನಗೆ ಗೊತ್ತಾಗಿದ್ದು ರೂಮ್‌ಮೇಟ್ ಬಾಯಿಂದ. ಗಾಬರಿಯಾಗ್ತಾಳೆ ಅಂತ ಹೇಳಲಿಲ್ಲವಂತೆ. ನಾನು ಕೂತು ಲೆಕ್ಕ ಹಾಕಿದೆ, ಅದೇ ವಾರ ನಾನೂ ಸ್ಕೂಲಿನಲ್ಲಿ ಆದ ರಾದ್ಧಾಂತವನ್ನು ಅವರಿಗೆ ಹೇಳಿರಲಿಲ್ಲ! ಆವತ್ತಿನಿಂದ ‘ಆರಾಮ’ ಅನ್ನುವ ಪದ ನಮ್ಮಲ್ಲಿ ಬಂದ್. ಜ್ವರ ಎಷ್ಟು, ಗುಳಿಗೆ ತಗೊಂಡ್ರಾ, ಅಷ್ಟು ಹೇಳಿದರೆ ಸಾಕು.

ಭೇಟಿಯ ವಿಷಯಕ್ಕೆ ಬಂದರೆ, ಅವರು ಊರಿಗೆ ಬಂದಾಗ ನಮಗಿಬ್ಬರಿಗೆ ಸಿಗುತ್ತಿದ್ದುದು ಬರೀ ರಾತ್ರಿ. ಹಗಲೆಲ್ಲ ಅತ್ತೆಯ ಆಸ್ಪತ್ರೆ, ನೆಂಟರ ಮನೆ, ಗ್ಯಾಸ್ ಏಜೆನ್ಸಿ. ಈಗ ನಡುನಡುವೆ ಒಂದು ಸಲ ಬೆಳಗಾವಿಯಲ್ಲಿ ಸೇರುತ್ತೇವೆ. ದಾವಣಗೆರೆಯಿಂದ ಪುಣೆಗೆ ಹೋಗುವ ಹೆದ್ದಾರಿಯಲ್ಲೇ ಇದೆ, ನನಗೆ ಐದು ತಾಸು, ಅವರಿಗೆ ಏಳು. ಶನಿವಾರ ನನ್ನದು ಅರ್ಧ ದಿನದ ಸ್ಕೂಲು, ಅವರದು ಫಸ್ಟ್ ಶಿಫ್ಟ್ ಇರುವ ವಾರ ನೋಡಿಕೊಳ್ಳುತ್ತೇವೆ. ಇಬ್ಬರೂ ಮಧ್ಯಾಹ್ನ ಬಸ್ ಹತ್ತಿದರೆ ರಾತ್ರಿಗೆ ಲಾಡ್ಜಿನಲ್ಲಿ. ಅವರಿಗೆ ಭಾನುವಾರದ ಒಂದೇ ರಜೆ ಖರ್ಚು. ಸೋಮವಾರ ಜೊತೆಯವರ ಹತ್ತಿರ ಶಿಫ್ಟ್ ಬದಲಾಯಿಸಿಕೊಳ್ಳುತ್ತಾರೆ.

ಮೊದಲ ಎರಡು ತಾಸು ಹೆಣ್ಣು ನೋಡಲು ಬಂದವರ ಹಾಗೆ ಕೂತಿರುತ್ತೇವೆ, ಇದು ಪ್ರತಿ ಸಲವೂ. ಆಗ ಮುಖ್ಯವಾದ ಮಾತು ತೆಗೆಯಬೇಡಿ. ಸುಮ್ನೆ ಹೊರಗೆ ಹೋಗಿ ಏನಾದರೂ ತಿನ್ನಿ. ಹೊರಡುವ ಕೊನೆಯ ತಾಸಿನಲ್ಲೂ ತೆಗೆಯಬೇಡಿ, ಬಸ್ ಸ್ಟ್ಯಾಂಡಿನಲ್ಲಿ ಶುರುವಾದ ಜಗಳ ಎರಡು ತಿಂಗಳು ಬಾಳಿಕೆ ಬರುತ್ತದೆ. ದುಡ್ಡು, ಮಗು, ಮನೆ, ಅಮ್ಮಂದಿರ ವಿಷಯ, ಇವೆಲ್ಲ ಭಾನುವಾರ ಬೆಳಿಗ್ಗೆ ಚಹಾ ಕುಡಿದಮೇಲೆ. ಮತ್ತೆ ಮುಂದಿನ ತಾರೀಖು ಗೊತ್ತುಮಾಡದೆ ನಾವು ಬಸ್ ಹತ್ತುವುದಿಲ್ಲ.

ಆದರೆ ಒಂದು ಮಾತು. ಇದೆಲ್ಲ ನಡೆಯುವುದು ಇದಕ್ಕೊಂದು ಕೊನೆ ಇದೆ ಅಂತ ಇಬ್ಬರಿಗೂ ಗೊತ್ತಿದ್ದಾಗ. “ನೋಡೋಣ, ಇನ್ನೆರಡು ವರ್ಷ” ಅಂತ ಪ್ರತಿ ವರ್ಷ ಅನ್ನುತ್ತಿದ್ದರೆ ಯಾವ ವಾಯ್ಸ್ ಮೆಸೇಜೂ ಕೆಲಸಕ್ಕೆ ಬರುವುದಿಲ್ಲ. ನಾವು ಮುಂದಿನ ಯುಗಾದಿ ಅಂತ ಇಟ್ಟುಕೊಂಡಿದ್ದೇವೆ. ಅವರು ಧಾರವಾಡ ಕಡೆ ಕೆಲಸ ಹುಡುಕುತ್ತಿದ್ದಾರೆ. ಸಿಗದಿದ್ದರೆ ಅತ್ತೆಯನ್ನು ಕರೆದುಕೊಂಡು ನಾನೇ ಹೋಗುವುದು ಅಂತ ಮಾತಾಗಿದೆ. ಅತ್ತೆಗೆ ಹೇಳಿದ್ದೇವೆ. ಅವರು ಕೇಳಿದ್ದು ಒಂದೇ, “ಅಲ್ಲಿ ಪಲ್ಯಕ್ಕೆ ಸಕ್ಕರೆ ಹಾಕ್ತಾರಂತಲ್ಲ?”