ಬೀಗ ಹಾಕಿದ್ದು ಯಾರು, ಕೀಲಿ ಯಾರ ಹತ್ತಿರ?

"ಕಾದಂಬರಿಯಲ್ಲಿ ಒಂದು ಬಾಗಿಲು ಮತ್ತೆ ಮತ್ತೆ ಬಂದ್ರೆ ಸಾಕು, ಸಂಕೇತ ಅಂತೀರಿ. ಅದು ನಿಜವಾಗ್ಲೂ ಪುಸ್ತಕದಲ್ಲಿ ಇರುತ್ತಾ, ಇಲ್ಲ ನೀವೇ ಹುಡುಕಿ ಅಂಟಿಸ್ತೀರಾ?"

ಒಂದು ಸಲ ಬಂದ ಬಾಗಿಲಿನಿಂದ ಏನೂ ಹೇಳಲು ಆಗುವುದಿಲ್ಲ. ಮನೆ ಅಂದಮೇಲೆ ಬಾಗಿಲು ಇದ್ದೇ ಇರುತ್ತದೆ, ಬಾಗಿಲು ಅಂದಮೇಲೆ ಬೀಗವೂ ಇರುತ್ತದೆ. ಹಾಗಾಗಿ ನಾನು ಮೊದಲಿಗೆ ಅರ್ಥದ ತಂಟೆಗೇ ಹೋಗುವುದಿಲ್ಲ. ಎರಡನೇ ಸಲ ಓದುವಾಗ ಪಕ್ಕದಲ್ಲಿ ಒಂದು ಹಾಳೆ ಇಟ್ಟುಕೊಳ್ಳುತ್ತೇನೆ. ಬೀಗ, ಚಿಲಕ, ಕೀಲಿ ಬಂದಾಗಲೆಲ್ಲ ಅಧ್ಯಾಯದ ಸಂಖ್ಯೆ ಬರೆದು ಮೂರು ವಿಷಯ ಗುರುತು ಹಾಕುತ್ತೇನೆ. ಬೀಗ ಹಾಕಿದ್ದು ಯಾರು? ಕೀಲಿ ಯಾರ ಹತ್ತಿರ ಇದೆ? ನಾಯಕಿ ಬಾಗಿಲಿನ ಯಾವ ಕಡೆ ಇದ್ದಾಳೆ? ಪುಸ್ತಕ ಮುಗಿದ ಮೇಲೆ ಈ ಸಾಲುಗಳು ಒಂದರ ಜೊತೆ ಒಂದು ಮಾತಾಡಿದರೆ ಅಲ್ಲಿ ಏನೋ ಇದೆ ಎಂದರ್ಥ. ಸುಮ್ನೆ ಚದುರಿಕೊಂಡೇ ಉಳಿದರೆ ಆ ವಿಷಯ ಬಿಟ್ಟುಬಿಡುತ್ತೇನೆ.

ಶಾರ್ಲಟ್ ಬ್ರಾಂಟೆಯ 'ಜೇನ್ ಐರ್' ತೆಗೆದುಕೊಳ್ಳೋಣ. 1847ರಲ್ಲಿ ಬಂದ ಈ ಕಾದಂಬರಿಯಲ್ಲಿ 38 ಅಧ್ಯಾಯಗಳಿವೆ. ಬೀಗದ ಕಥೆ ಎರಡನೇ ಅಧ್ಯಾಯದಲ್ಲೇ ಶುರುವಾಗುತ್ತದೆ. ಹತ್ತು ವರ್ಷದ ಅನಾಥ ಹುಡುಗಿ ಜೇನ್, ತನ್ನನ್ನು ಹೊಡೆದ ಸೋದರಮಾವನ ಮಗನ ಮೇಲೆ ತಿರುಗಿ ಬೀಳುತ್ತಾಳೆ. ಶಿಕ್ಷೆ ಎಂದು ಅವಳನ್ನು ಕೆಂಪು ಕೋಣೆಗೆ ತಳ್ಳುತ್ತಾರೆ. ಆ ಸೋದರಮಾವ ತೀರಿಹೋದ ಕೋಣೆ ಅದು. ಒಂದು ಸ್ಟೂಲಿನ ಮೇಲೆ ಕೂರಿಸಿ, ಅಲುಗಾಡಿದರೆ ಕಟ್ಟಿಹಾಕುತ್ತೇವೆ ಎನ್ನುತ್ತಾರೆ ಮನೆಯ ಆಳುಗಳಾದ ಬೆಸ್ಸಿ ಮತ್ತು ಆಬಟ್. ಕಟ್ಟುವುದಕ್ಕೆ ಆಬಟ್ ತನ್ನ ಕಾಲುಚೀಲದ ಪಟ್ಟಿಯನ್ನೂ ಬಿಚ್ಚಲು ಹೊರಡುತ್ತಾಳೆ. ಜೇನ್ ಸುಮ್ಮನೆ ಕೂರುತ್ತೇನೆ ಎಂದ ಮೇಲೆ ಬೀಗ ಹಾಕಿ ಹೋಗುತ್ತಾರೆ. ಆಮೇಲೆ ಹುಡುಗಿ ಎದ್ದು ಹೋಗಿ ಬಾಗಿಲು ನಿಜವಾಗಿ ಬೀಗ ಹಾಕಿದೆಯಾ ಎಂದು ನೋಡುತ್ತಾಳೆ. ಹಾಕಿದೆ. ಸಾಲಿನ ಮುಂದೆ ನಾನು ಬರೆಯುವುದು ಇಷ್ಟೇ: ಬೀಗ ಬೇರೆಯವರದು, ಕೀಲಿ ಬೇರೆಯವರದು, ಜೇನ್ ಒಳಗೆ.

ಹನ್ನೊಂದನೇ ಅಧ್ಯಾಯದಲ್ಲಿ ಅವಳು ಥಾರ್ನ್‌ಫೀಲ್ಡ್ ಬಂಗಲೆಗೆ ಪಾಠ ಹೇಳಿಕೊಡಲು ಬಂದಾಗ, ಅಲ್ಲಿನ ಉಸ್ತುವಾರಿ ಶ್ರೀಮತಿ ಫೇರ್‌ಫ್ಯಾಕ್ಸ್ ರಾತ್ರಿ ಮುಂಬಾಗಿಲು ಭದ್ರವಾಗಿದೆಯಾ ನೋಡಿ, ಕೀಲಿ ತೆಗೆದುಕೊಂಡು ಮಹಡಿ ಹತ್ತುತ್ತಾರೆ. ಇದು ಸಂಕೇತವಾ? ಅಲ್ಲ. ಯಾವ ಮನೆಯಲ್ಲಾದರೂ ರಾತ್ರಿ ಮಾಡುವ ಕೆಲಸ. ಹಾಳೆಯಲ್ಲಿ ಇದನ್ನೂ ಬರೆಯುತ್ತೇನೆ, ಆದರೆ ಇದರ ಮೇಲೆ ಭಾರ ಹಾಕುವುದಿಲ್ಲ. ಎಲ್ಲ ಬಾಗಿಲಿಗೂ ಅರ್ಥ ಹಚ್ಚಲು ಹೊರಟವರು ಇಲ್ಲೇ ದಾರಿ ತಪ್ಪುತ್ತಾರೆ. ಅದೇ ಅಧ್ಯಾಯದಲ್ಲಿ ಮೂರನೇ ಮಹಡಿಯ ಇಕ್ಕಟ್ಟಾದ ಓಣಿ ಬರುತ್ತದೆ. ಎರಡೂ ಬದಿಗೆ ಮುಚ್ಚಿದ ಚಿಕ್ಕ ಕಪ್ಪು ಬಾಗಿಲುಗಳು, ಆ ಕಡೆಯಿಂದ ಒಂದು ವಿಚಿತ್ರ ನಗು. ಆ ಸಾಲಿನ ಕೆಳಗೆ ಗೆರೆ ಎಳೆಯಬಹುದು, ಯಾಕೆಂದರೆ ಕಥೆ ಅಲ್ಲಿಗೆ ಪದೇ ಪದೇ ಮರಳುತ್ತದೆ.

ಇಪ್ಪತ್ತನೇ ಅಧ್ಯಾಯದಲ್ಲಿ ಯಜಮಾನ ರಾಚೆಸ್ಟರ್ ಅವಳನ್ನು ಮಧ್ಯರಾತ್ರಿ ಆ ಮಹಡಿಗೆ ಕರೆದೊಯ್ಯುತ್ತಾನೆ. ಗಾಯಗೊಂಡ ಅತಿಥಿ ಮೇಸನ್‌ನ ರಕ್ತ ಒರೆಸುತ್ತಿರು ಎಂದು ಹೇಳಿ, ಹೊರಗಿನಿಂದ ಬೀಗ ಹಾಕಿ ಹೋಗುತ್ತಾನೆ. ಬೀಗದಲ್ಲಿ ಕೀಲಿ ತಿರುಗಿದ ಸದ್ದು ಅವಳಿಗೆ ಕೇಳಿಸುತ್ತದೆ. ಈಗ ಅವಳಿಗೆ ಅವನ ಮೇಲೆ ಪ್ರೀತಿ ಇದೆ, ನಂಬಿಕೆಯೂ ಇದೆ. ಆದರೂ ಹಾಳೆಯ ಮೇಲಿನ ಸಾಲು ಕೆಂಪು ಕೋಣೆಯದ್ದೇ: ಬೀಗ ಬೇರೆಯವರದು, ಕೀಲಿ ಬೇರೆಯವರದು, ಜೇನ್ ಒಳಗೆ. ಪ್ರೇಮಕಥೆಯ ಓಟದಲ್ಲಿ ಇದನ್ನು ಗಮನಿಸದೆ ಹೋಗುವುದು ಸುಲಭ. ಹಾಳೆ ಇದ್ದರೆ ತಪ್ಪಿಸಿಕೊಳ್ಳುವುದಿಲ್ಲ.

ನನಗೆ ಅನುಮಾನವೇ ಉಳಿಯದಂತೆ ಮಾಡಿದ್ದು ಇಪ್ಪತ್ತಾರನೇ ಅಧ್ಯಾಯ. ಜೇನ್ ಮತ್ತು ರಾಚೆಸ್ಟರ್ ಮದುವೆ ಚರ್ಚಿನಲ್ಲೇ ನಿಂತುಹೋಗಿದೆ. ರಾಚೆಸ್ಟರ್ ಎಲ್ಲರನ್ನೂ ಮೇಲೆ ಕರೆತಂದು ತನ್ನ ಕೀಲಿಯಿಂದ ಆ ಕಪ್ಪು ಬಾಗಿಲು ತೆಗೆಯುತ್ತಾನೆ. ಒಳಗೆ ಗೋಡೆಯ ಪರದೆ ಸರಿಸಿದರೆ ಇನ್ನೊಂದು ಬಾಗಿಲು. ಅದರಾಚೆ ಕಿಟಕಿಯಿಲ್ಲದ ಕೋಣೆಯಲ್ಲಿ ಅವನ ಹೆಂಡತಿ ಬರ್ಥಾ. ಅವಳು ಅವನ ಮೇಲೆ ಎರಗುತ್ತಾಳೆ. ಅವಳನ್ನು ಹಿಡಿದು, ಕೈ ಹಿಂದೆ ಕಟ್ಟಿ, ಹಗ್ಗದಿಂದ ಕುರ್ಚಿಗೆ ಬಿಗಿಯುತ್ತಾರೆ. ಎರಡನೇ ಅಧ್ಯಾಯದಲ್ಲಿ ಬೆದರಿಕೆಯಾಗಿ ಉಳಿದಿದ್ದ ಕಟ್ಟು ಇಲ್ಲಿ ನಿಜವಾಗುತ್ತದೆ. ಅಲ್ಲಿ ಬೆಸ್ಸಿ ಆ ಹುಡುಗಿಯನ್ನು ಹುಚ್ಚು ಬೆಕ್ಕು ಎಂದಿದ್ದಳು. ಇಲ್ಲಿ ಬರ್ಥಾ ಮನುಷ್ಯಳೋ ಪ್ರಾಣಿಯೋ ಮೊದಲ ನೋಟಕ್ಕೆ ಹೇಳಲಾಗದು ಎಂದು ಜೇನ್ ತಾನೇ ಬರೆಯುತ್ತಾಳೆ. ಬೀಗ, ಕಟ್ಟು, ಪ್ರಾಣಿ ಎಂಬ ಬೈಗುಳ, ಮೂರೂ ಇಪ್ಪತ್ತನಾಲ್ಕು ಅಧ್ಯಾಯಗಳ ಆಚೆ ಒಟ್ಟಿಗೇ ಮರಳಿ ಬರುತ್ತವೆ. ಇದನ್ನು ಓದುಗರು ಅಂಟಿಸಿದ್ದು ಎನ್ನಲು ಆಗುತ್ತದಾ?

ಇಷ್ಟು ನೋಡಿ "ಬೀಗ ಅಂದರೆ ಹೆಣ್ಣಿನ ಬಂಧನ" ಎಂದು ಬರೆದು ಮುಗಿಸುವವರು ಜಾಸ್ತಿ. ಹಾಳೆ ಅದಕ್ಕೆ ಒಪ್ಪುವುದಿಲ್ಲ. ಹದಿನೈದನೇ ಅಧ್ಯಾಯದಲ್ಲಿ ಜೇನ್ ತಾನೇ ಚಿಲಕ ಹಾಕಿಕೊಳ್ಳುತ್ತಾಳೆ, ಬಾಗಿಲಾಚೆಯ ನಗು ಕೇಳಿ ಹೆದರಿ. ಆಮೇಲೆ ನಡುಗುವ ಕೈಯಿಂದ ತಾನೇ ಚಿಲಕ ತೆಗೆದು ಹೊರಗೆ ಬರುತ್ತಾಳೆ, ಉರಿಯುವ ಹಾಸಿಗೆಯಿಂದ ರಾಚೆಸ್ಟರ್‌ನನ್ನು ಉಳಿಸುತ್ತಾಳೆ. ಮದುವೆ ಮುರಿದ ದಿನವೂ ತನ್ನ ಕೋಣೆಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಾಳೆ. ಹೊರಗೆ ಕುರ್ಚಿ ಹಾಕಿ ಕಾದು ಕೂತಿದ್ದ ರಾಚೆಸ್ಟರ್, ಇನ್ನೂ ಸ್ವಲ್ಪ ಹೊತ್ತಾಗಿದ್ದರೆ ಬೀಗ ಒಡೆಯುತ್ತಿದ್ದೆ ಎನ್ನುತ್ತಾನೆ. ಈ ಚಿಲಕ ಬಂಧನವಲ್ಲ. ಯೋಚಿಸುವುದಕ್ಕೆ ಅವಳಿಗೆ ಸಿಕ್ಕ ಏಕೈಕ ಜಾಗ ಅದು.

ಆ ರಾತ್ರಿ ಅವಳ ಕನಸಿನಲ್ಲಿ ಮತ್ತೆ ಕೆಂಪು ಕೋಣೆ ಬರುತ್ತದೆ. ಎದ್ದವಳೇ ಅಡುಗೆಮನೆಗೆ ಹೋಗಿ ಪಕ್ಕದ ಬಾಗಿಲಿನ ಕೀಲಿ ಹುಡುಕುತ್ತಾಳೆ. ಜೊತೆಗೆ ಒಂದು ಎಣ್ಣೆ ಸೀಸೆ, ಒಂದು ಹಕ್ಕಿಯ ಗರಿ. ಸದ್ದಾಗದಂತೆ ಕೀಲಿಗೂ ಬೀಗಕ್ಕೂ ಎಣ್ಣೆ ಹಚ್ಚುತ್ತಾಳೆ, ಬಾಗಿಲು ತೆಗೆದು ಮೆತ್ತಗೆ ಮುಚ್ಚಿ ಹೊರಡುತ್ತಾಳೆ. ಇಡೀ ಕಾದಂಬರಿಯಲ್ಲಿ ನನಗೆ ಅತ್ಯಂತ ಇಷ್ಟವಾದ ಸಾಲುಗಳು ಇವು. ಬೀಗ ಒಡೆಯುವ ಮಾತು ಆಡಿದವನು ಗಂಡಸು, ಎಣ್ಣೆ ಹಚ್ಚಿ ತೆಗೆದವಳು ಹೆಣ್ಣು. ಎರಡೂ ಇರುವುದು ಇಪ್ಪತ್ತೇಳನೇ ಅಧ್ಯಾಯದಲ್ಲೇ. ಈಗ ಹಾಳೆಯಲ್ಲಿ ಕೀಲಿಯ ಮುಂದೆ ಜೇನ್ ಹೆಸರು ಬರುತ್ತದೆ.

ಮರುಅಧ್ಯಾಯವೇ ಎಲ್ಲ ತಲೆಕೆಳಗು. ಹಸಿದು, ಮಳೆಯಲ್ಲಿ ನೆಂದು ಮೂರ್ ಹೌಸ್ ಎಂಬ ಮನೆ ಮುಂದೆ ನಿಂತವಳ ಮುಖಕ್ಕೆ ಆಳು ಹ್ಯಾನಾ ಬಾಗಿಲು ಬಡಿದು ಚಿಲಕ ಹಾಕುತ್ತಾಳೆ. ಈಗ ಜೇನ್ ಹೊರಗೆ. ಒಳಗೆ ಕೂಡಿಹಾಕಿದಾಗ ಪ್ರಜ್ಞೆ ತಪ್ಪಿದ್ದವಳು ಈಗ ಹೊರಗೆ ಉಳಿದು ಸಾಯುವ ಸ್ಥಿತಿಗೆ ಬಂದಿದ್ದಾಳೆ. ಹೊರಗೆ ಹೋದರೆ ಸಾಕು ಬಿಡುಗಡೆ ಎಂಬ ಮಾತನ್ನು ಬ್ರಾಂಟೆ ಒಂದೇ ಅಧ್ಯಾಯವೂ ನಿಲ್ಲಲು ಬಿಡುವುದಿಲ್ಲ.

1979ರಲ್ಲಿ ವಿಮರ್ಶಕಿಯರಾದ ಸಾಂಡ್ರಾ ಗಿಲ್ಬರ್ಟ್ ಮತ್ತು ಸೂಸನ್ ಗುಬಾರ್, ಬರ್ಥಾ ಅಂದರೆ ಜೇನ್‌ಳ ಅದುಮಿಟ್ಟ ಸಿಟ್ಟೇ ಎಂದು ವಾದಿಸಿದರು. ಕೆಂಪು ಕೋಣೆ ಮತ್ತು ಮೂರನೇ ಮಹಡಿಯ ಸಾಲುಗಳು ಅವರ ಪರವಾಗಿವೆ. ಆದರೆ ಕೀಲಿಯ ಸಾಲು ಇಬ್ಬರನ್ನೂ ಬೇರೆ ಮಾಡುತ್ತದೆ. ಜೇನ್‌ಗೆ ಕೀಲಿ ಅಡುಗೆಮನೆಯಲ್ಲಿ ಸಿಗುತ್ತದೆ. ಬರ್ಥಾಗೆ ಯಾರೂ ಕೀಲಿ ಕೊಡುವುದಿಲ್ಲ. ಮೂವತ್ತಾರನೇ ಅಧ್ಯಾಯದಲ್ಲಿ ಊರಿನ ಛತ್ರದವನು ಹೇಳುವಂತೆ, ಕಾವಲಿನ ಗ್ರೇಸ್ ಪೂಲ್ ಕುಡಿದು ಮಲಗಿದಾಗ ಅವಳ ಜೇಬಿನಿಂದ ಬರ್ಥಾ ಕೀಲಿ ಕದಿಯುತ್ತಿದ್ದಳು. ಬೆಂಕಿ ಬಿದ್ದ ರಾತ್ರಿ ಅವಳು ಹೋಗಿ ನಿಂತಿದ್ದು ಮಾಳಿಗೆಯ ಮೇಲೆ, ಅಲ್ಲಿಂದ ಮುಂದೆ ತೆಗೆಯಲು ಯಾವ ಬಾಗಿಲೂ ಇರಲಿಲ್ಲ. ಇಬ್ಬರೂ ಒಬ್ಬಳೇ ಎನ್ನುವವರು ಈ ಎರಡು ಕೀಲಿಗಳ ವ್ಯತ್ಯಾಸಕ್ಕೆ ಮೊದಲು ಉತ್ತರ ಹೇಳಬೇಕು.